‘ಬೂಸ್ಟರ್’: ನಾಯಿಮರಿಯ ಲಸಿಕೆ ಕಾರ್ಡಿನಲ್ಲಿ ಒಂದೇ ಪದ, ಮೂರು ಕೆಲಸ?

ಪ್ರಶ್ನೆ: ಅನುವಾದಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾಯಿಮರಿಗಳ ಲಸಿಕೆ ಕಾರ್ಡೊಂದನ್ನು ಕನ್ನಡಕ್ಕೆ ತರಬೇಕಾಗಿದೆ. ತುಂಬಿಸಿದ ಮಾದರಿಯಲ್ಲಿ ಹೀಗಿದೆ. ಮರಿ ಹುಟ್ಟಿದ್ದು 2025ರ ಜನವರಿ 5. ಫೆಬ್ರವರಿ 16ಕ್ಕೆ ‘ಪಪ್ಪಿ ಡಿಪಿ’. ಮಾರ್ಚ್ 9ಕ್ಕೆ ‘ಡಿಎಚ್‌ಪಿಪಿಐ + ಎಲ್’. ಮಾರ್ಚ್ 30ಕ್ಕೆ ಅದೇ ಲಸಿಕೆ, ಪಕ್ಕದಲ್ಲಿ ‘ಬೂಸ್ಟರ್’, ಅದೇ ದಿನ ‘ಎಆರ್‌ವಿ’. ಏಪ್ರಿಲ್ 20ಕ್ಕೆ ‘ಎಆರ್‌ವಿ ಬೂಸ್ಟರ್’. ಕೊನೆಯ ಸಾಲು ‘ಬೂಸ್ಟರ್, 30 ಮಾರ್ಚ್ 2026’. ಮೂರಕ್ಕೂ ‘ವರ್ಧಕ ಲಸಿಕೆ’ ಎಂದು ಬರೆದರೆ ಆದೀತೇ?

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು, ಹಾಸನ

ಆದೀತು. ವರ್ಧಿಸು ಎಂದರೆ ಹೆಚ್ಚಿಸು. ಮೊದಲೇ ಬಂದಿರುವ ಶಕ್ತಿಯನ್ನು ಹೆಚ್ಚಿಸುವುದು ವರ್ಧಕ. ಕೋವಿಡ್ ಕಾಲದಲ್ಲಿ ಸರ್ಕಾರದವರು ‘ಮುನ್ನೆಚ್ಚರಿಕೆ ಡೋಸ್’ ಎಂದರೂ ಜನ ಬೂಸ್ಟರ್ ಎಂದೇ ಕರೆದರು, ಅದು ಬೇರೆ ಮಾತು. ನಮ್ಮ ಹಿರಿಯರಿಗೆ ಇದಾವುದೂ ಬೇಕಿರಲಿಲ್ಲ, ‘ದಾಕು ಹಾಕಿಸಿದೆ’ ಅಂದರೆ ಮುಗಿಯಿತು.

ಉತ್ತರ: ಪಶುವೈದ್ಯೆ, ಶಿವಮೊಗ್ಗ

ಮೇಷ್ಟ್ರೇ, ನೀವು ಹೇಳಿದ ಅರ್ಥವೇ ತೊಡಕು. ‘ಮೊದಲೇ ಬಂದಿರುವ ಶಕ್ತಿ’ ಎಂದಿರಿ. ಮಾರ್ಚ್ 30ರ ಸೂಜಿಗೆ ಅದು ಒಪ್ಪುವುದಿಲ್ಲ. ಮಾರ್ಚ್ 9ರಂದು ಶಕ್ತಿ ಬಂತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮರಿ ಮೊದಲ ದಿನ ಕುಡಿದ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳಿರುತ್ತವೆ. ಅವು ಮರಿಯನ್ನು ಕಾಯುತ್ತವೆ, ಜೊತೆಗೆ ಲಸಿಕೆಯಲ್ಲಿರುವ ವೈರಸ್ಸನ್ನೂ ಹೊಡೆದುಹಾಕುತ್ತವೆ. ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತವೆ. ಈ ಮರಿಯ ಮಟ್ಟ ಆರು ವಾರಕ್ಕೆ 320 ಇತ್ತೆಂದು ಲೆಕ್ಕಕ್ಕೆ ಹಿಡಿಯಿರಿ. ಒಂಬತ್ತನೇ ವಾರಕ್ಕೆ ಸುಮಾರು 75, ಹನ್ನೆರಡಕ್ಕೆ 17ರ ಆಸುಪಾಸು, ಹದಿನಾರಕ್ಕೆ 2 ಅಥವಾ 3. ಒಂಬತ್ತನೇ ವಾರದಲ್ಲಿ ಹಾಕಿದ ಲಸಿಕೆಯನ್ನು ಆ 75 ನುಂಗಿಬಿಡುತ್ತದೆ. ಹನ್ನೆರಡಕ್ಕೆ ಹತ್ತಿದರೂ ಹತ್ತೀತು, ಹತ್ತದೆಯೂ ಇರಬಹುದು. ಹದಿನಾರಕ್ಕೆ ತಡೆಯುವವರೇ ಉಳಿದಿರುವುದಿಲ್ಲ. ತಾಯಿಯ ಮಟ್ಟ ಕಡಿಮೆಯಿದ್ದ ಇನ್ನೊಂದು ಮರಿಗೆ ಆರನೇ ವಾರದಲ್ಲೇ ಲಸಿಕೆ ಹತ್ತಿರಬಹುದು. ಒಂದೇ ಸೂಲಿನ ಮರಿಗಳಲ್ಲೂ ಈ ವ್ಯತ್ಯಾಸ ಇರುತ್ತದೆ, ಎಲ್ಲವೂ ಒಂದೇ ಸಮ ಹಾಲು ಕುಡಿದಿರುವುದಿಲ್ಲವಲ್ಲ.

ಹಾಗಾಗಿ ಡಿಎಚ್‌ಪಿಪಿಐ, ಅಂದರೆ ಡಿಸ್ಟೆಂಪರ್, ಹೆಪಟೈಟಿಸ್, ಪಾರ್ವೊ ಮುಂತಾದವುಗಳ ಜೀವಂತ ಲಸಿಕೆಯನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗುವುದು ಕದ ತಟ್ಟಿದ ಹಾಗೆ. ಒಳಗಿನವರು ಯಾವಾಗ ತೆಗೆಯುತ್ತಾರೋ ತಿಳಿಯದು, ಹದಿನಾರು ವಾರ ತುಂಬುವವರೆಗೆ ತಟ್ಟುತ್ತಿರಬೇಕು. ಹತ್ತಿದರೆ ಒಂದೇ ಸಾಕು. ಇದು ‘ಮರುಯತ್ನ’, ವರ್ಧಕ ಅಲ್ಲ.

ಉತ್ತರ: ನಾಯಿ ಸಾಕಣೆದಾರ, ಬೆಳಗಾವಿ

ಡಾಕ್ಟರ್ ಮೇಡಮ್ಮೋರ ಮಾತು ಖರೆ. ಆದ್ರ ಒಂದು ತಾರೀಖು ತಪ್ಪಿದ್ರ ಹಿಂದಿನದೆಲ್ಲಾ ದಂಡ, ಮೊದಲಿಂದ ಶುರು ಮಾಡ್ಬೇಕು. ಕಾರ್ಡ್ ಮ್ಯಾಲೆ ಇದನ್ನ ದಪ್ಪ ಅಕ್ಷರದಾಗ ಹಾಕ್ರಿ.

ಉತ್ತರ: ಪಶುವೈದ್ಯೆ, ಶಿವಮೊಗ್ಗ

ಅರ್ಧ ಸರಿ, ಅಣ್ಣ. ನೀವು ಹೇಳುವುದು ‘ಎಲ್’ಗೆ ಒಪ್ಪುತ್ತದೆ. ಎಲ್ ಎಂದರೆ ಲೆಪ್ಟೊಸ್ಪೈರಾ, ಮನುಷ್ಯರಲ್ಲಿ ಇಲಿಜ್ವರ ಎನ್ನುತ್ತೇವಲ್ಲ ಅದರದ್ದು. ಆ ಲಸಿಕೆಯಲ್ಲಿರುವುದು ಸತ್ತ ರೋಗಾಣು. ಮೊದಲ ಸೂಜಿ ಪರಿಚಯ ಮಾಡಿಸುತ್ತದೆ ಅಷ್ಟೆ, ಕಾಯುವ ಶಕ್ತಿ ಬರುವುದು ಎರಡನೆಯದರಿಂದ. ನಡುವೆ ಎರಡರಿಂದ ನಾಲ್ಕು ವಾರ ಇರಬೇಕು. ಎರಡನೆಯದು ತಿಂಗಳುಗಟ್ಟಲೆ ತಡವಾದರೆ ಎರಡನ್ನೂ ಹೊಸದಾಗಿ ಹಾಕುವುದೇ ಕ್ರಮ. ಡಿಎಚ್‌ಪಿಪಿಐ ವಿಷಯ ಹಾಗಲ್ಲ. ಹದಿನಾರು ವಾರ ದಾಟಿದ ಮರಿ ತಡವಾಗಿ ಬಂದರೆ ಒಂದು ಸೂಜಿಯೇ ಸಾಮಾನ್ಯವಾಗಿ ಹತ್ತುತ್ತದೆ. ತಡವಾದ ಅಷ್ಟು ದಿನ ಅದು ಪಾರ್ವೊಗೆ ತೆರೆದುಕೊಂಡಿತ್ತು ಎಂಬುದೇ ನಿಜವಾದ ನಷ್ಟ.

ತಡ ಆಗಬಾರದೆಂದು ಅವಸರ ಮಾಡುವವರೂ ಇದ್ದಾರೆ. ಎರಡು ವಾರಕ್ಕಿಂತ ಹತ್ತಿರ ಹಾಕಿದರೆ ಹಿಂದಿನ ಲಸಿಕೆ ಎಬ್ಬಿಸಿದ ಪ್ರತಿಕ್ರಿಯೆಯೇ ಮುಂದಿನದಕ್ಕೆ ಅಡ್ಡ ಬರಬಹುದು.

ಉತ್ತರ: ಹೊಸ ಸದಸ್ಯ, ಬೆಂಗಳೂರು

ಎಆರ್‌ವಿ ಎಂದರೆ 0, 3, 7, 14, 28ನೇ ದಿನ ಅಲ್ಲವೇ? ನಮ್ಮ ಓಣಿಯ ನಾಯಿ ಕಚ್ಚಿದಾಗ ಆಸ್ಪತ್ರೆಯಲ್ಲಿ ಹಾಗೇ ಬರೆದುಕೊಟ್ಟರು. ಮರಿಯ ಕಾರ್ಡಿನಲ್ಲಿ ಬರೀ ಎರಡು ತಾರೀಖು ಇದೆ, ಬಿಟ್ಟುಹೋಗಿದೆಯೋ ಏನೋ.

ಉತ್ತರ: ಪಶುವೈದ್ಯೆ, ಶಿವಮೊಗ್ಗ

ಬಿಟ್ಟುಹೋಗಿಲ್ಲ. ಅದು ಕಚ್ಚಿಸಿಕೊಂಡ ಮನುಷ್ಯರಿಗೆ. ಇದು ಯಾರೂ ಕಚ್ಚುವ ಮೊದಲೇ ಮರಿಗೆ. ಹನ್ನೆರಡು ವಾರಕ್ಕೆ ಒಂದು, ರೇಬಿಸ್ ಹೆಚ್ಚಿರುವ ನಮ್ಮಂಥ ಕಡೆ ಎರಡರಿಂದ ನಾಲ್ಕು ವಾರ ಬಿಟ್ಟು ಇನ್ನೊಂದು. ಒಂದೇ ಸೂಜಿಗೆ ಬಹಳಷ್ಟು ಮರಿಗಳು ಸ್ಪಂದಿಸುತ್ತವೆ, ಸ್ಪಂದಿಸದೆ ಉಳಿದವನ್ನು ಹಿಡಿಯಲು ಎರಡನೆಯದು. ಒಂದೇ ಮೊಟಕುಪದ, ಎರಡು ಕೋಷ್ಟಕ. ಅನುವಾದದಲ್ಲಿ ‘ನಾಯಿಗೆ ರೇಬಿಸ್ ಲಸಿಕೆ’ ಎಂದು ಬಿಡಿಸಿ ಬರೆಯಿರಿ.

ಮತ್ತೆ ಪ್ರಶ್ನೆ: ಅನುವಾದಕಿ, ಮೈಸೂರು

ಹಾಗಾದರೆ ಮಾರ್ಚ್ 30ರ ಡಿಎಚ್‌ಪಿಪಿಐಗೆ ‘ಮರುಯತ್ನ’, ಅದೇ ದಿನದ ಎಲ್‌ಗೆ ‘ಎರಡನೇ ಕಂತು’, 2026ರದಕ್ಕೆ ‘ವರ್ಧಕ’. ಆದರೆ ಒಂದೇ ಸಾಲು, ಒಂದೇ ಸೂಜಿ, ಎರಡು ಹೆಸರು ಹೇಗೆ ಹಾಕಲಿ? ಇನ್ನೊಂದು ಅನುಮಾನ: ಹದಿನಾರು ವಾರ ಎಂದಿರಿ, ಮಾರ್ಚ್ 30ಕ್ಕೆ ಎಣಿಸಿದರೆ ಹನ್ನೆರಡೇ ಆಯಿತು.

ಉತ್ತರ: ಪಶುವೈದ್ಯೆ, ಶಿವಮೊಗ್ಗ

ಸರಿಯಾಗಿ ಹಿಡಿದಿರಿ. ಆ ಕಾರ್ಡಿನಲ್ಲಿ ಒಂದು ಸಾಲೇ ಇಲ್ಲ. ಜನವರಿ 5ಕ್ಕೆ ಹದಿನಾರು ವಾರ ಸೇರಿಸಿದರೆ ಏಪ್ರಿಲ್ 27. ಅಂದು ಡಿಎಚ್‌ಪಿಪಿಐ ಬೀಳಬೇಕಿತ್ತು. ಹನ್ನೆರಡನೇ ವಾರದ ಸೂಜಿಯೂ ತಾಯಿಯ ಪ್ರತಿಕಾಯಕ್ಕೆ ಬಲಿಯಾಗಿದ್ದರೆ, ಕಾರ್ಡಿನ ಪ್ರಕಾರ ಆ ಮರಿ ಮುಂದಿನ ಮಾರ್ಚ್‌ವರೆಗೆ ರಕ್ಷಣೆಯೇ ಇಲ್ಲದೆ ಓಡಾಡುತ್ತದೆ. ಯಜಮಾನರು ಮಾತ್ರ ‘ಮೂರೂ ಆಗಿದೆ’ ಎಂದು ನಿಶ್ಚಿಂತರಾಗಿರುತ್ತಾರೆ. ಸೂಜಿ ಎಷ್ಟಾಯಿತು ಎಂದು ಎಣಿಸಬೇಡಿ, ಕೊನೆಯದು ಎಷ್ಟನೇ ವಾರದಲ್ಲಿ ಬಿತ್ತು ನೋಡಿ. ಕಾರ್ಡಿನಲ್ಲಿ ತಾರೀಖಿನ ಪಕ್ಕ ‘ವಯಸ್ಸು, ವಾರಗಳಲ್ಲಿ’ ಎಂಬ ಮನೆ ಇದ್ದರೆ ಈ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು.

ಏಪ್ರಿಲ್ 20ರ ರೇಬಿಸ್ ಸೂಜಿಯನ್ನೂ 27ಕ್ಕೆ ತಳ್ಳಬಹುದಿತ್ತು, ಮಾರ್ಚ್ 30ರಿಂದ ಸರಿಯಾಗಿ ನಾಲ್ಕು ವಾರ. ಎರಡನ್ನೂ ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಹಾಕಬಹುದು. ಒಂದು ವಾರದ ಅಂತರದಲ್ಲಿ ಹಾಕುವುದಕ್ಕಿಂತ ಅದೇ ಮೇಲು.

ಈಗ ನಿಮ್ಮ ಕೊನೆಯ ಸಾಲು. ಎಲ್ ಲಸಿಕೆಗೆ 2026ರ ಮಾರ್ಚ್ 30 ಸರಿ, ಅದರ ಶಕ್ತಿ ವರ್ಷದ ಸುಮಾರಿಗೆ ಇಳಿಯುತ್ತದೆ. ರೇಬಿಸ್‌ನದೂ ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕುವ ರೂಢಿ. ಇವು ನಿಜವಾದ ವರ್ಧಕಗಳು, ಮೇಷ್ಟ್ರ ಪದ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಡಿಎಚ್‌ಪಿಪಿಐಯನ್ನು ಮಾತ್ರ ವರ್ಷದವರೆಗೆ ಕಾಯಿಸದೆ 26ನೇ ವಾರಕ್ಕೆ, ಈ ಮರಿಗೆ ಜುಲೈ 6ಕ್ಕೆ, ಹಾಕಿ ಎನ್ನುವುದು ಜಾಗತಿಕ ಸಣ್ಣಪ್ರಾಣಿ ವೈದ್ಯರ ಸಂಘದ ಈಚಿನ ಸಲಹೆ. ಹದಿನಾರಕ್ಕೂ ಹತ್ತದೆ ಉಳಿದ ಅಪರೂಪದ ಮರಿಯನ್ನು ಆರು ತಿಂಗಳು ಬೇಗ ಹಿಡಿಯಬಹುದು ಎಂಬುದು ಲೆಕ್ಕ. ನಮ್ಮ ಊರುಗಳಲ್ಲಿ ಇನ್ನೂ ಬಹುತೇಕ ವರ್ಷಕ್ಕೇ ಕರೆಯುತ್ತಾರೆ.

ಉತ್ತರ: ನಾಯಿ ಸಾಕಣೆದಾರ, ಬೆಳಗಾವಿ

ಎಲ್ಲಾ ತಿಳೀತ್ರಿ. ಆದ್ರ ‘ಮರುಯತ್ನ’ ಅಂತ ಅಚ್ಚು ಹಾಕಿದ್ರ ಮಂದಿ ಏನಂತಾರ? ‘ಮೊದಲನೇದು ಫೇಲ್ ಆತೇನು, ರೊಕ್ಕ ವಾಪಸ್ ಕೊಡ್ರಿ’ ಅಂತಾರ.

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು, ಹಾಸನ

‘ಮರುಲಸಿಕೆ’ ಎಂದರೆ ಹೇಗೆ? ಮತ್ತೆ ಹಾಕುವುದು ಎಂದಷ್ಟೇ ಹೇಳುತ್ತದೆ, ಹಿಂದಿನದು ಹತ್ತಿತೋ ಇಲ್ಲವೋ ಎಂಬ ಗೊಡವೆಗೆ ಹೋಗುವುದಿಲ್ಲ. ಒಂದೇ ಸೂಜಿಯಲ್ಲಿ ಇಬ್ಬರಿದ್ದರೂ ಇಬ್ಬರಿಗೂ ಹೊಂದುತ್ತದೆ. ‘ವರ್ಧಕ’ವನ್ನು ವಾರ್ಷಿಕಕ್ಕೆ ಮೀಸಲಿಡಿ.

ಅನುವಾದಕಿ, ಮೈಸೂರು

‘ಮರುಲಸಿಕೆ’ಯನ್ನು ಕರಡಿಗೆ ಹಾಕಿಕೊಂಡೆ, ವಾರಗಳ ಮನೆಯನ್ನೂ ಸೇರಿಸಿದೆ. ಜುಲೈ 6ರ ಸಾಲಿಗೆ ಮಾತ್ರ ಇನ್ನೂ ಹೆಸರಿಲ್ಲ. ಹತ್ತಿದ್ದ ಮರಿಗೆ ಅದು ವರ್ಧಕ, ಹತ್ತದ ಮರಿಗೆ ಅದೇ ಮೊದಲ ಲಸಿಕೆ. ಯಾರಿಗಾದರೂ ಪದ ಹೊಳೆದರೆ ಬರೆಯಿರಿ.