ಟೆಸ್ಟೋಸ್ಟೆರಾನ್ 640, ವೀರ್ಯಾಣು ಸೊನ್ನೆ: ಸ್ಟೀರಾಯ್ಡ್ ಬಿಟ್ಟು 5 ತಿಂಗಳಾಯ್ತು, ಎಲ್ಲಿ ತಪ್ಪಿದೆ?

ಬೆಂಚ್_31

ನನಗೆ 31 ವರ್ಷ. ಒಂದೂವರೆ ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ. ಮೊದಲು ಹೆಂಡತಿಯ ಪರೀಕ್ಷೆಗಳೆಲ್ಲ ಆದವು, ಏನೂ ತೊಂದರೆ ಇಲ್ಲ ಅಂದರು. ಆಮೇಲೆ ನಾಚಿಕೊಂಡು ನನ್ನದು ಮಾಡಿಸಿದೆ. ವೀರ್ಯಾಣು ಒಂದೂ ಇಲ್ಲ. ಲ್ಯಾಬಿನವರು ಅದಲುಬದಲು ಮಾಡಿರಬೇಕು ಅಂದುಕೊಂಡು ಮೂರು ವಾರ ಬಿಟ್ಟು ಮತ್ತೆ ಕೊಟ್ಟೆ. ಆಗಲೂ ಸೊನ್ನೆ.

ಸ್ಟೀರಾಯ್ಡಿನ ಎರಡು ಸೈಕಲ್ ಮಾಡಿದ್ದೆ, ತಲಾ 16 ವಾರ. ಮೊದಲನೆಯದು ಟೆಸ್ಟೋಸ್ಟೆರಾನ್ ಎನಾಂಥೇಟ್ ವಾರಕ್ಕೆ 500 ಮಿಲಿಗ್ರಾಂ. ಎರಡನೆಯದರಲ್ಲಿ ಅದರ ಜೊತೆ ನ್ಯಾಂಡ್ರೋಲೋನ್ ಕೂಡ. ಕೊನೆಯ ಸೂಜಿ ಚುಚ್ಚಿಕೊಂಡು 5 ತಿಂಗಳಾಯ್ತು.

ಹೋದ ವಾರದ ರಕ್ತಪರೀಕ್ಷೆ: ಟೆಸ್ಟೋಸ್ಟೆರಾನ್ 640, ಎಲ್‌ಎಚ್ 0.1, ಎಫ್‌ಎಸ್‌ಎಚ್ 0.2. ಟೆಸ್ಟೋಸ್ಟೆರಾನ್ ಚೆನ್ನಾಗೇ ಇದೆ ಅಲ್ವಾ? ಮೈಯಲ್ಲಿ ಶಕ್ತಿ ಇದೆ, ಆಸೆಗೂ ಕಮ್ಮಿ ಇಲ್ಲ. ಹಾಗಿದ್ದರೆ ವೀರ್ಯಾಣು ಯಾಕೆ ಬರುತ್ತಿಲ್ಲ?

ಕಬ್ಬಿಣದ_ಕಡಲೆ

ಗುರೂ, ಗಾಬರಿ ಬೇಡ. ಒಂದು ವೀರ್ಯಾಣು ತಯಾರಾಗೋಕೆ ಸುಮಾರು 74 ದಿನ ಬೇಕು. ಅದು ಹೊರಗೆ ಬರೋಕೆ ಮತ್ತೆ ಒಂದೆರಡು ವಾರ. ಟೆಸ್ಟೋಸ್ಟೆರಾನ್ 640 ಬಂದಿದೆ ಅಂದಮೇಲೆ ನಿನ್ನ ಬೀಜಗಳು ಎದ್ದಿವೆ. ಇನ್ನು ಮೂರು ತಿಂಗಳು ಸುಮ್ನೆ ಇರು, ಅದೇ ಬರುತ್ತೆ. ಬೇಕಾದರೆ ಜಿಂಕ್ ತಗೋ. ನಾನೂ ಮೂರು ಸೈಕಲ್ ಮಾಡಿದ್ದೇನೆ, ಇಬ್ಬರು ಮಕ್ಕಳಿದ್ದಾರೆ.

ಸೂಕ್ಷ್ಮದರ್ಶಕ

ನಾನು ವೀರ್ಯ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ. ಆದರೆ ಇಂಥ ರಿಪೋರ್ಟ್‌ಗಳು ವಾರಕ್ಕೆರಡಾದರೂ ನನ್ನ ಕೈಗೆ ಬರುತ್ತವೆ.

ಕಡಲೆಯವರೇ, 74 ದಿನದ ಲೆಕ್ಕ ಸರಿ. ಆದರೆ ಆ ಲೆಕ್ಕ ಶುರುವಾಗುವುದು ಸೂಜಿ ನಿಲ್ಲಿಸಿದ ದಿನದಿಂದ ಅಲ್ಲ. ತಲೆಯೊಳಗಿನ ಪಿಟ್ಯುಟರಿ ಮತ್ತೆ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸಲು ಶುರು ಮಾಡಿದ ದಿನದಿಂದ. ಇವರ ರಿಪೋರ್ಟಿನಲ್ಲಿ ಅವೆರಡೂ ಇನ್ನೂ ನೆಲ ಹಿಡಿದು ಮಲಗಿವೆ.

ಬೆಂಚ್ ಅವರೇ, ಒಂದು ಪ್ರಶ್ನೆ. ಎಲ್‌ಎಚ್ 0.1 ಇದ್ದರೆ ಬೀಜಕ್ಕೆ ಟೆಸ್ಟೋಸ್ಟೆರಾನ್ ಮಾಡು ಅಂತ ಹೇಳುವವರೇ ಇಲ್ಲ ಎಂದರ್ಥ. ಹಾಗಿರುವಾಗ 640 ಎಲ್ಲಿಂದ ಬಂತು? ಈ ಮೂರು ಅಂಕಿಗಳೂ ಒಬ್ಬರದೇ ಆದರೆ, ಹೊರಗಿನಿಂದ ಏನೋ ಒಳಗೆ ಹೋಗುತ್ತಿದೆ. ಈಗ ಏನು ತೆಗೆದುಕೊಳ್ಳುತ್ತಿದ್ದೀರಿ? ಜಿಮ್ಮಿನವರು ಕೊಟ್ಟ ಪುಡಿ, ಮಾತ್ರೆ ಏನೇ ಇದ್ದರೂ ಹೇಳಿ.

ಬೆಂಚ್_31

ಅಕ್ಕ, ಹೇಳೋದು ಮರೆತೆ. ಸೈಕಲ್ ಮುಗಿದು ಎರಡು ತಿಂಗಳಿಗೆ ಬೀಜ ಸಣ್ಣದಾಗಿದೆ ಅನ್ನಿಸ್ತು. ಕೋಚ್ ಎಚ್‌ಸಿಜಿ ಕೊಟ್ಟರು. ವಾರಕ್ಕೆ ಎರಡು ಸಲ, 2000 ಯೂನಿಟ್. ಮೂರು ತಿಂಗಳಿಂದ ತಗೊಳ್ತಾ ಇದ್ದೀನಿ. ಅದು ಸ್ಟೀರಾಯ್ಡ್ ಅಲ್ವಲ್ಲ, ಅದಕ್ಕೇ ಬರೆಯಲಿಲ್ಲ. ಡಾಕ್ಟರಿಗೂ ಹೇಳಿಲ್ಲ.

ಸೂಕ್ಷ್ಮದರ್ಶಕ

ಗಂಟು ಇರುವುದು ಇಲ್ಲೇ.

ಎಚ್‌ಸಿಜಿ ಬೀಜದ ಬಾಗಿಲಿಗೆ ಬಂದು ಎಲ್‌ಎಚ್‌ನ ವೇಷ ಹಾಕಿ ಕೂಗುತ್ತದೆ. ಬೀಜ ಮೋಸ ಹೋಗಿ ಟೆಸ್ಟೋಸ್ಟೆರಾನ್ ಮಾಡುತ್ತದೆ. ಆದ್ದರಿಂದ ನಿಮ್ಮ 640 ನಿಜವಾದದ್ದೇ, ನಿಮ್ಮ ಬೀಜವೇ ಮಾಡಿದ್ದು. ಅದು ಒಳ್ಳೆ ಸುದ್ದಿ, ಬೀಜ ಸತ್ತಿಲ್ಲ. ಆದರೆ ಆ 640 ಮತ್ತು ಅದರಿಂದ ಆಗುವ ಈಸ್ಟ್ರೊಜನ್ ರಕ್ತದಲ್ಲಿ ತಲೆಗೆ ಹೋಗಿ "ಇಲ್ಲಿ ಬೇಕಾದಷ್ಟಿದೆ, ನೀನು ಮಲಗು" ಅನ್ನುತ್ತವೆ. ಪಿಟ್ಯುಟರಿ ಮಲಗಿಯೇ ಇರುತ್ತದೆ. ಸೂಜಿಯಲ್ಲಿ ಟೆಸ್ಟೋಸ್ಟೆರಾನ್ ಹೋಗುತ್ತಿದ್ದಾಗ ಆಗಿದ್ದೂ ಇದೇ. ಈಗ ನಿಲ್ಲಿಸಿರುವವರು ಬೇರೆ, ನಿಂತಿರುವುದು ಅದೇ.

ಇನ್ನೊಂದು ಮಾತು. ರಕ್ತದ ಟೆಸ್ಟೋಸ್ಟೆರಾನ್ ನೋಡಿ ವೀರ್ಯಾಣುವಿನ ಭವಿಷ್ಯ ಹೇಳಲು ಬರುವುದಿಲ್ಲ. ಬೀಜದೊಳಗೆ ಅದು ರಕ್ತಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರಬೇಕು. ಸೂಜಿ ತಗೊಂಡವರ ರಕ್ತ ತುಂಬಿ ತುಳುಕುತ್ತಿರುತ್ತದೆ, ಬೀಜದೊಳಗೆ ಮಾತ್ರ ಬರಗಾಲ. ಎಚ್‌ಸಿಜಿ ಆ ಬರಗಾಲವನ್ನು ಕಳೆಯುತ್ತದೆ, ಅದಕ್ಕೇ ಡಾಕ್ಟರುಗಳೂ ಅದನ್ನು ಬರೆಯುತ್ತಾರೆ. ಆದರೆ ಎಫ್‌ಎಸ್‌ಎಚ್ ಕೆಲಸ ಅದರಿಂದ ಆಗುವುದಿಲ್ಲ. ವೀರ್ಯಾಣು ಸಾಕಿ ಬೆಳೆಸುವ ಕೋಶಗಳಿಗೆ ಎಫ್‌ಎಸ್‌ಎಚ್ ಬೇಕು. ಎಚ್‌ಸಿಜಿ ಒಂದರಿಂದಲೇ ವೀರ್ಯಾಣು ಮರಳಿದವರೂ ಇದ್ದಾರೆ. ನಿಮಗೆ ಮೂರು ತಿಂಗಳಲ್ಲಿ ಬಂದಿಲ್ಲ, ಅಷ್ಟೇ.

ಕಬ್ಬಿಣದ_ಕಡಲೆ

ಅಕ್ಕ, ಒಪ್ಪಿದೆ, ಎಚ್‌ಸಿಜಿ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಾದರೆ ಎಚ್‌ಸಿಜಿ ಜೊತೆಗೇ ಕ್ಲೋಮಿಫೀನ್ ಶುರು ಮಾಡಿಬಿಡಲಿ. ಅದು ಪಿಟ್ಯುಟರಿಯನ್ನು ಎಬ್ಬಿಸುತ್ತೆ ತಾನೇ?

ಸೂಕ್ಷ್ಮದರ್ಶಕ

ಎಬ್ಬಿಸುತ್ತದೆ. ಈಸ್ಟ್ರೊಜನ್ ಹೇಳುವ "ಮಲಗು" ಮಾತು ತಲೆಗೆ ಕೇಳದ ಹಾಗೆ ಕಿವಿಗೆ ಹತ್ತಿ ಇಡುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಡಾಕ್ಟರುಗಳಿದ್ದಾರೆ. ಎಚ್‌ಸಿಜಿ ಪೂರ್ತಿ ನಿಲ್ಲಿಸಿ ಪಿಟ್ಯುಟರಿ ತಾನಾಗಿ ಏಳುತ್ತದಾ ಅಂತ ಮೊದಲು ನೋಡುವವರೂ ಇದ್ದಾರೆ. ಎಚ್‌ಸಿಜಿ ಬಿಡದೆ ಎಫ್‌ಎಸ್‌ಎಚ್ ಇಂಜೆಕ್ಷನ್ ಸೇರಿಸುವವರೂ ಇದ್ದಾರೆ. ಯಾವುದು ಮೇಲು ಅಂತ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ, ನಾನು ಹೇಳಲು ಹೋಗುವುದಿಲ್ಲ. ಕೋಚ್ ಕೈಯಿಂದ ಮಾತ್ರ ಕ್ಲೋಮಿಫೀನ್ ಬೇಡ. ಅದರಿಂದ ಕೆಲವರಿಗೆ ಕಣ್ಣು ಮಂಜಾಗುತ್ತದೆ, ಬೆಳಕಿನ ಚುಕ್ಕೆ ಕಾಣುತ್ತದೆ. ಹಾಗಾದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಬೆಂಚ್ ಅವರೇ, ಡಾಕ್ಟರ ಹತ್ತಿರ ಎಲ್ಲವನ್ನೂ ಹೇಳಿ, ಎಚ್‌ಸಿಜಿ ಕೂಡ. ನ್ಯಾಂಡ್ರೋಲೋನ್ ಅಂತೂ ಬಿಡದೆ ಹೇಳಿ, ಅದು ಮೈಯಲ್ಲಿ ತಿಂಗಳುಗಟ್ಟಲೆ ಕೂರುವ ಔಷಧ. ಸೈಕಲ್‌ಗೆ ಮುಂಚೆ ಎಂದಾದರೂ ವೀರ್ಯ ಪರೀಕ್ಷೆ ಮಾಡಿಸಿದ್ದಿರಾ? ಇಲ್ಲದಿದ್ದರೆ ಸೊನ್ನೆಗೆ ಸ್ಟೀರಾಯ್ಡೇ ಕಾರಣ ಅಂತ ಈಗಲೇ ಖಚಿತವಾಗಿ ಹೇಳಲಾಗದು. ಬೀಜದ ಸುತ್ತ ರಕ್ತನಾಳ ಉಬ್ಬಿದೆಯಾ ಅಂತ ಡಾಕ್ಟರು ಕೈಯಿಟ್ಟು ನೋಡಲಿ. ಮುಂದೆ ಎಫ್‌ಎಸ್‌ಎಚ್ ಏರಿ 18, 20 ಆಗಿ, ವೀರ್ಯಾಣು ಇನ್ನೂ ಸೊನ್ನೆ ಇದ್ದರೆ ಅದು ಬೇರೆ ಕಥೆ. ತಲೆ ಕೂಗುತ್ತಿದೆ, ಬೀಜ ಓಗೊಡುತ್ತಿಲ್ಲ ಎಂದರ್ಥ.

ಜೆಲ್_47

ಕ್ಷಮಿಸಿ, ಮಧ್ಯೆ ಬರ್ತಿದ್ದೀನಿ. ನನಗೆ ಸುಸ್ತು ಅಂತ ಡಾಕ್ಟರು ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟಿದ್ದಾರೆ, ಭುಜಕ್ಕೆ ಹಚ್ಚೋದು. ಇದು ಬಾಡಿಬಿಲ್ಡಿಂಗ್ ಸ್ಟೀರಾಯ್ಡ್ ಅಲ್ಲ ತಾನೇ? ನನಗೇನೂ ತೊಂದರೆ ಇಲ್ಲ ಅಂದುಕೊಳ್ಳಬಹುದಾ?

ಸೂಕ್ಷ್ಮದರ್ಶಕ

ಸರ್, ಹಚ್ಚಿದರೂ ಚುಚ್ಚಿದರೂ ತಲೆಗೆ ಹೋಗುವ ಸುದ್ದಿ ಒಂದೇ. ಮುಂದೆ ಮಗು ಬೇಕು ಅನ್ನುವ ಗಂಡಸಿಗೆ ಟೆಸ್ಟೋಸ್ಟೆರಾನ್ ಒಂದನ್ನೇ ಕೊಡಬಾರದು. ನಿಮಗೆ ಆ ಯೋಚನೆ ಇದ್ದರೆ ಡಾಕ್ಟರಿಗೆ ಇವತ್ತೇ ಹೇಳಿ, ದಾರಿಗಳಿವೆ. ಇಲ್ಲದಿದ್ದರೆ ಈ ಚರ್ಚೆ ನಿಮಗೆ ಅಷ್ಟು ಸಂಬಂಧಿಸಿದ್ದಲ್ಲ. ನೀವೇ ನಿಲ್ಲಿಸಲು ಹೋಗಬೇಡಿ.

ಮೌನಿ_ಮಲ್ಲ

ಬೆಂಚ್, ನನ್ನದೂ ಕೇಳು. ಆರು ವರ್ಷ ಹೆಚ್ಚುಕಮ್ಮಿ ಬಿಡದೆ ತಗೊಂಡೆ. ಬಿಟ್ಟು 14 ತಿಂಗಳಿಗೆ ಮಿಲಿಲೀಟರಿಗೆ 4 ಮಿಲಿಯನ್ ಬಂತು, ಅಲ್ಲೇ ನಿಂತಿದೆ. ಈಗ ಇಕ್ಸಿ ಮಾಡಿಸ್ತಿದ್ದೇವೆ, ಲ್ಯಾಬಿನಲ್ಲಿ ಒಂದೊಂದೇ ವೀರ್ಯಾಣುವನ್ನ ಅಂಡಾಣುವಿನೊಳಗೆ ಚುಚ್ಚಿ ಸೇರಿಸೋದು. ಎಲ್ಲರಿಗೂ ಆರು ತಿಂಗಳಲ್ಲಿ ಬರುತ್ತೆ ಅನ್ನೋರ ಮಾತು ನಂಬಬೇಡ.

ಸೂಕ್ಷ್ಮದರ್ಶಕ

ಮಲ್ಲರು ಹೇಳಿದ್ದು ಮುಖ್ಯ. ಟೆಸ್ಟೋಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದ್ದರು. ನಿಲ್ಲಿಸಿದ 6 ತಿಂಗಳಲ್ಲಿ ನೂರಕ್ಕೆ 67 ಜನರಿಗೆ 20 ಮಿಲಿಯನ್ ದಾಟಿತ್ತು, ಒಂದು ವರ್ಷದಲ್ಲಿ 90 ಜನರಿಗೆ. ಉಳಿದವರಿಗೆ ಎರಡು ವರ್ಷದೊಳಗೆ. ಆದರೆ ಅವರು ಮೊದಲೇ ಪರೀಕ್ಷೆಯಾದ ಆರೋಗ್ಯವಂತರು. ಡೋಸ್ ಕಮ್ಮಿ, ಅವಧಿಯೂ ಕಮ್ಮಿ. ಆರು ವರ್ಷ ಹಲವು ಔಷಧ ಬೆರೆಸಿ ತಗೊಂಡವರಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ.

ಬೆಂಚ್_31 (ಆರು ತಿಂಗಳ ನಂತರ)

ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದು ಏನೂ ಇರಲಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ಬರೆದುಕೊಂಡರು ಅಷ್ಟೇ. ಎಚ್‌ಸಿಜಿ ನಿಲ್ಲಿಸಿದರು. ಆ ನಾಲ್ಕು ವಾರ ನರಕ. ಬೆಳಿಗ್ಗೆ ಏಳೋಕೆ ಮನಸ್ಸಿಲ್ಲ, ಜಿಮ್ಮಿನಲ್ಲಿ ಯಾವಾಗಲೂ ಎತ್ತುತ್ತಿದ್ದ ತೂಕ ಮೇಲೇಳುತ್ತಿಲ್ಲ, ಸುಮ್ನೆ ಸಿಟ್ಟು. ಆಗಿನ ಪರೀಕ್ಷೆ: ಟೆಸ್ಟೋಸ್ಟೆರಾನ್ 190, ಎಲ್‌ಎಚ್ 1.2, ಎಫ್‌ಎಸ್‌ಎಚ್ 1.5. ನನಗೆ ಅಳು ಬಂತು. ಡಾಕ್ಟರು ಮಾತ್ರ ಸಂತೋಷಪಟ್ಟರು. "640 ಎಚ್‌ಸಿಜಿ ಮಾಡಿಸಿದ್ದು, ಈ 190 ನಿನ್ನ ತಲೆಯೇ ಹೇಳಿ ಮಾಡಿಸಿದ್ದು" ಅಂದರು.

ಆಮೇಲೆ ಕ್ಲೋಮಿಫೀನ್ ದಿನಕ್ಕೆ 25 ಮಿಲಿಗ್ರಾಂ. ಆರು ವಾರಕ್ಕೆ ಎಲ್‌ಎಚ್ 5.1, ಎಫ್‌ಎಸ್‌ಎಚ್ 4.6, ಟೆಸ್ಟೋಸ್ಟೆರಾನ್ 470. ಕಣ್ಣಿಗೆ ಏನೂ ಆಗಲಿಲ್ಲ. ಆದರೂ ವೀರ್ಯಾಣು ಸೊನ್ನೆಯೇ. ಆಗ ಈ ಚರ್ಚೆ ಮತ್ತೆ ಓದಿದೆ. 74 ದಿನದ ಲೆಕ್ಕ ಶುರುವಾಗಿದ್ದೇ ಈಗ ಅಂತ ಅರ್ಥವಾಯ್ತು.

ಹೋದ ತಿಂಗಳ ರಿಪೋರ್ಟಿನಲ್ಲಿ "ಕೆಲವೇ ಕೆಲವು" ಅಂತ ಬಂತು. ಈ ವಾರ ಮಿಲಿಲೀಟರಿಗೆ 1.8 ಮಿಲಿಯನ್. ಈಜುವವು ಕಮ್ಮಿ. ಅಕ್ಕ, ಆ "ಕೆಲವೇ ಕೆಲವು" ಅಂದರೆ ಏನು?

ಸೂಕ್ಷ್ಮದರ್ಶಕ

ಸ್ಲೈಡಿನಲ್ಲಿ ನೇರವಾಗಿ ನೋಡಿದಾಗ ಏನೂ ಕಾಣದಿದ್ದರೆ ನಾವು ಅಲ್ಲಿಗೇ ಬಿಡುವುದಿಲ್ಲ. ಮಾದರಿಯನ್ನು ಜೋರಾಗಿ ತಿರುಗಿಸಿ, ಕೊಳವೆಯ ತಳದಲ್ಲಿ ಕೂತ ಗಸಿಯನ್ನು ತೆಗೆದು ಅದನ್ನು ಮೂಲೆಮೂಲೆ ಹುಡುಕುತ್ತೇವೆ. ಒಮ್ಮೊಮ್ಮೆ ಅರ್ಧ ಗಂಟೆ ಹುಡುಕಿದ ಮೇಲೆ ಒಂದು ಬಾಲ ಅಲ್ಲಾಡಿದ್ದು ಕಾಣುತ್ತದೆ. ಕುರ್ಚಿಯಿಂದ ಎದ್ದು ಪಕ್ಕದವರನ್ನು ಕರೆದು ತೋರಿಸುತ್ತೇನೆ. ನಿಮ್ಮದು ಹಾಗೆ ಸಿಕ್ಕಿದ್ದಿರಬೇಕು.

1.8 ಕಮ್ಮಿಯೇ. ಮಾಮೂಲಿನ ಕೆಳಗಿನ ಗೆರೆ 16. ಆದರೆ ದಿಕ್ಕು ಸರಿ ಇದೆ. ಡಾಕ್ಟರನ್ನು ಕೇಳಿ ಈಗಲೇ ಒಂದೆರಡು ಮಾದರಿ ಶೀತಲೀಕರಿಸಿ ಇಡಿಸಿ. ಮುಂದೆ ಇಕ್ಸಿ ಬೇಕಾದರೆ ಕೈಯಲ್ಲಿರುತ್ತದೆ. ಮಾದರಿ ಕೊಡುವ ಮುಂಚೆ ಎರಡರಿಂದ ಏಳು ದಿನ ಬಿಡುವು ಇರಲಿ. ಪ್ರತಿ ಸಲ ಬಿಡುವು ಒಂದೇ ಅಷ್ಟು ಇಟ್ಟುಕೊಂಡರೆ ಅಂಕಿ ಹೋಲಿಸಲು ಸುಲಭ.

ಕಬ್ಬಿಣದ_ಕಡಲೆ

ನಾನೂ ಹೋದ ವಾರ ಸುಮ್ನೆ ಕುತೂಹಲಕ್ಕೆ ಮಾಡಿಸಿದೆ. 9 ಮಿಲಿಯನ್. ಇಬ್ಬರು ಮಕ್ಕಳಾಗಿದ್ದು ಮೂರನೇ ಸೈಕಲ್‌ಗೆ ಮುಂಚೆ ಅನ್ನೋದು ಈಗ ನೆನಪಾಯ್ತು.

ಬೆಂಚ್_31

ಮುಂದಿನ ಪರೀಕ್ಷೆ ಎಂಟು ವಾರಕ್ಕೆ. ಮಾದರಿ ಇಡಿಸೋಕೆ ಸೋಮವಾರ ಹೋಗ್ತಿದ್ದೀನಿ. ಕೋಚ್ ಫೋನ್ ಮಾಡಿದ್ದರು, ಎತ್ತಲಿಲ್ಲ.