ಅಪ್‌ಡೇಟ್: ಬೇಸಿಗೆಯಲ್ಲಿ ಇಳಿದ ಅಪ್ಪನ ಬಿಪಿ, ಕೊನೆಗೆ ಏನಾಯಿತು

ನಾನು ಕೇಳಿದ್ದು: "ಅಪ್ಪನಿಗೆ 68 ವರ್ಷ, ಬಿಪಿಗೆ ಟೆಲ್ಮಿಸಾರ್ಟನ್ 40 ಮತ್ತು ಕ್ಲೋರ್ಥಾಲಿಡೋನ್ 12.5 ತೆಗೆದುಕೊಳ್ಳುತ್ತಾರೆ. ಸೆಕೆ ಶುರುವಾದ ಮೇಲೆ 108/64 ಬರುತ್ತಿದೆ, ಎದ್ದರೆ ತಲೆ ಸುತ್ತುತ್ತದೆ. ಡೋಸ್ ಕಡಿಮೆ ಮಾಡಬಹುದಾ?"

ಹನ್ನೆರಡು ದಿನ ಆಯಿತು, ಈಗ ಆರಾಮಾಗಿದ್ದಾರೆ. ಕೆಲಸಕ್ಕೆ ಬಂದಿದ್ದು, ನಿಂತಾಗಲೂ ಬಿಪಿ ನೋಡಿ ಎಂದು ಇಲ್ಲಿ ಒಬ್ಬರು ಹೇಳಿದ ಮಾತು. ಐದು ನಿಮಿಷ ಕೂರಿಸಿ ನೋಡಿದರೆ 110, ಎದ್ದು ಒಂದು ನಿಮಿಷಕ್ಕೆ 86. ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿದರೆ ಬಿದ್ದು ಪೆಟ್ಟಾಗುವ ಭಯ ಇರುತ್ತದಂತೆ. ಏಳು ದಿನ ಬೆಳಿಗ್ಗೆ, ಸಂಜೆ ಬರೆದಿಟ್ಟ ಪಟ್ಟಿ ನೋಡಿ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ 131, ಅಂದರೆ ಕಡಿಮೆ.

ಸೆಕೆಗೆ ಚರ್ಮದ ರಕ್ತನಾಳ ಹಿಗ್ಗುತ್ತವೆ, ಬೆವರಲ್ಲಿ ನೀರು, ಉಪ್ಪು ಹೋಗುತ್ತದೆ, ಅದರ ಮೇಲೆ ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್ ಬೇರೆ, ಹಾಗಾಗಿ ಅದನ್ನು ಮಾತ್ರ ನಿಲ್ಲಿಸಿದರು. ಈಗ ಕೂತಾಗ 126, ನಿಂತಾಗ 118.

ಉಪ್ಪು ನೀರು ಕುಡಿಸಿ ಎಂಬ ಸಲಹೆ ಎರಡು ದಿನ ಮಾಡಿದೆವು, ಕಾಲು ಊದಿತು ಅಷ್ಟೇ. ದಿನ ಬಿಟ್ಟು ದಿನ ಮಾತ್ರೆ ಕೊಡುವುದಂತೂ ಬೇಡವೇ ಬೇಡ ಎಂದು ಡಾಕ್ಟರ್ ಹೇಳಿದರು.

ನನಗೆ ಗೊತ್ತೇ ಇರದ ವಿಷಯ: ಬೇಸಿಗೆಯಲ್ಲಿ ಹಗಲು ಬಿಪಿ ಇಳಿದರೂ ಕೆಲವು ವಯಸ್ಸಾದವರಿಗೆ ರಾತ್ರಿ ಏರಬಹುದು. ಅದಕ್ಕೇ ಟೆಲ್ಮಿಸಾರ್ಟನ್ ಮುಟ್ಟಲಿಲ್ಲ. ಎರಡು ವಾರಕ್ಕೆ ಮತ್ತೆ ಸೋಡಿಯಂ ನೋಡುತ್ತಾರೆ. ಚಳಿ ಶುರುವಾಗಿ ಮನೆಯಲ್ಲಿ 135 ದಾಟುತ್ತಾ ಹೋದರೆ ಬರಬೇಕಂತೆ, ನಿಲ್ಲಿಸಿದ ಮಾತ್ರೆ ಆಗ ಮತ್ತೆ ಬೇಕಾಗಬಹುದು.