21 ನಡೆಯುವುದು ಬೇರೆ, 21 ತುಂಬುವುದು ಬೇರೆ: ನಮ್ಮ ಗುಂಪಿನಲ್ಲಿ ವಕೀಲರ ಜೊತೆ ಪ್ರಶ್ನೋತ್ತರ

ಗೋಣಿಕೊಪ್ಪದ ಸದಸ್ಯೆ: ಸಾರ್, ಅಕ್ಕನ ಮಗಳ ಮದುವೆ ಬರುವ ಏಪ್ರಿಲ್ 26, 2026ಕ್ಕೆ ಗೊತ್ತಾಗಿದೆ. ಆಧಾರ್‌ನಲ್ಲಿ 01-01-2008 ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 01-06-2008. ಹುಟ್ಟಿದ್ದು ತೋಟದ ಲೈನ್‌ಮನೆಯಲ್ಲಿ, ಜನನ ಪತ್ರ ಇಲ್ಲ. ಆಧಾರ್ ಪ್ರಕಾರ 18 ಆಯ್ತಲ್ಲ, ಮಾಡಬಹುದಾ?

ವಕೀಲರು: ಮಾಡಬೇಡಿ ಅಮ್ಮ. ಆಧಾರ್ ಹುಟ್ಟಿದ ದಿನಕ್ಕೆ ಸಾಕ್ಷಿಯಲ್ಲ. ನೋಂದಣಿ ಮಾಡಿಸುವಾಗ ವರ್ಷ ಮಾತ್ರ ಹೇಳಿದವರಿಗೆಲ್ಲ ಜನವರಿ 1 ಅಂತ ಬಿದ್ದಿದೆ. ಜೂನ್ 1 ಕೂಡ ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿಗೆ ಬರೆದದ್ದಿರಬಹುದು. ಆದರೂ ತಕರಾರು ಬಂದರೆ ಶಾಲೆಯ ದಾಖಲೆಗೇ ಹೆಚ್ಚು ತೂಕ. ಅದರ ಪ್ರಕಾರ ಹುಡುಗಿಗೆ 18 ತುಂಬುವುದು ಜೂನ್ 1, 2026ಕ್ಕೆ.

ಅವಳ ತಾಯಿಯನ್ನು ಕೇಳಿ, ಹುಟ್ಟಿದ್ದು ಕಾಫಿ ಕುಯ್ಯುವಾಗಲೋ, ಮಳೆ ಹಿಡಿದ ಮೇಲೋ? ತಾಯಿ ಕಾರ್ಡ್, ಚುಚ್ಚುಮದ್ದಿನ ಚೀಟಿ, ಅಂಗನವಾಡಿ ರಿಜಿಸ್ಟರ್ ಹುಡುಕಿ. ಅವುಗಳಲ್ಲಿ ನಿಜವಾದ ದಿನ ಸಿಕ್ಕರೆ ತಡವಾದ ಜನನ ನೋಂದಣಿಗೆ ಹಾಕಬಹುದು. ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮದುವೆ ದಿನಕ್ಕೆ ಹೊಂದಿಸಲು ಮಾತ್ರ ಆ ದಾರಿ ಹಿಡಿಯಬೇಡಿ.

ಹುಡುಗನ ಹುಟ್ಟಿದ ದಿನ ನೀವು ಹೇಳಿಲ್ಲ. ಅದನ್ನು ಹಾಕಿ.

ಕುಶಾಲನಗರದಿಂದ: ಮಗನಿಗೆ 16 ಆಯ್ತು, ಸ್ಕೂಟಿಗೆ ಲೈಸೆನ್ಸ್ ಸಿಗ್ತದಾ?

ವಕೀಲರು: ಇಲ್ಲ. 16ಕ್ಕೆ ಸಿಗುವುದು 50 ಸಿಸಿ ಒಳಗಿನ ಬೈಕಿಗೆ. ನಿಮ್ಮ ಮನೆಯದು 110 ಇರಬೇಕು. 18 ತುಂಬಲಿ.

ಸೋಮವಾರಪೇಟೆಯಿಂದ: ನನ್ನ ಮಗನಿಗೂ 16. ಸ್ಕೂಟಿ?

ವಕೀಲರು: ಮೇಲೆ ಓದಿ.

ಸಿದ್ದಾಪುರದ ತೋಟದವರು: ಎಸ್ಟೇಟ್ ಒಳಗೆ ಓಡಿಸಲು ಲೈಸೆನ್ಸ್ ಬೇಡ. ಖಾಸಗಿ ಜಾಗ. ನಾವೆಲ್ಲ 14ಕ್ಕೇ ಜೀಪ್ ಕಲಿತವರು.

ಕುಶಾಲನಗರದಿಂದ: ಹಾಗಾದ್ರೆ ತೋಟದಲ್ಲಿ ಬಿಡಬಹುದು!

ನಾಪೋಕ್ಲಿನ ಟೀಚರ್: ಆ ತೋಟದ ದಾರಿಯಲ್ಲೇ ನಮ್ಮ ಮಕ್ಕಳು ಶಾಲೆಗೆ ನಡೆದು ಬರ್ತಾರೆ. ನಿಮ್ಮ ಜೀಪಿಗೆ ಅದು ಗೊತ್ತಾ?

ಸಿದ್ದಾಪುರದ ತೋಟದವರು: ನಮ್ಮ ಜಾಗದ ವಿಷಯ ನಮಗೆ ಬಿಡಿ ಮೇಡಂ.

ವಕೀಲರು: ತೋಟದವರು ಹೇಳಿದ್ದು ಅರ್ಧ ಸರಿ. ಕಾನೂನು ಹೇಳುವುದು ಸಾರ್ವಜನಿಕ ಸ್ಥಳದ ಮಾತೇ. ಆದರೆ ಜನರಿಗೆ ಓಡಾಡುವ ಹಕ್ಕಿರುವ ದಾರಿ ತೋಟದೊಳಗಿದ್ದರೂ ಸಾರ್ವಜನಿಕವೇ. ಅಪ್ರಾಪ್ತ ಮಗ ಅಪರಾಧ ಮಾಡಿದರೆ ತಂದೆಗೆ 3 ವರ್ಷದ ತನಕ ಜೈಲು, 25,000 ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ.

ಗೋಣಿಕೊಪ್ಪದ ಸದಸ್ಯೆ: ಹುಡುಗನಿಗೆ 21 ನಡೀತಿದೆ ಸಾರ್. 12-08-2005, ಜನನ ಪತ್ರ ಇದೆ. ಅಕ್ಕ ಹೇಳಿದ್ರು, ಮಗಳು ಹುಟ್ಟಿದ್ದು ಕಾಫಿ ಕುಯ್ಲಿನಲ್ಲಿ ಅಂತ.

ವಕೀಲರು: ಇದಕ್ಕೇ ಹೆದರಿದ್ದೆ. ನಡೆಯುವುದು ಬೇರೆ, ತುಂಬುವುದು ಬೇರೆ. 2005ರ ಆಗಸ್ಟ್ 12ರಿಂದ ಎಣಿಸಿ. 2025ರ ಆಗಸ್ಟ್ 12ಕ್ಕೆ 20 ತುಂಬಿತು, ಅಂದಿನಿಂದ 21 ನಡೆಯುತ್ತಿದೆ. ಅದು ತುಂಬುವುದು 2026ರ ಆಗಸ್ಟ್ 12ರಂದು, ಆ ದಿನ ಶುರುವಾಗುತ್ತಿದ್ದಂತೆ. ಏಪ್ರಿಲ್ 26ಕ್ಕೆ ಅವನಿಗೆ 20 ವರ್ಷ, 8 ತಿಂಗಳು, 14 ದಿನ. ಹುಡುಗಿ ಜನವರಿಯಲ್ಲೇ ಹುಟ್ಟಿದ್ದಾಳೆಂದು ಸಾಬೀತಾದರೂ ಈ ಮದುವೆ ಬಾಲ್ಯವಿವಾಹವೇ.

ಕರ್ನಾಟಕದ ತಿದ್ದುಪಡಿಯಿಂದಾಗಿ ನಮ್ಮಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ನಾಳೆ ಆಕೆ ಹೆಂಡತಿ ಎಂದು ಹಕ್ಕು ಕೇಳಲು ಹೋದರೆ ಮದುವೆಯೇ ಆಗಿಲ್ಲ ಅನ್ನಿಸಿಕೊಳ್ಳುತ್ತಾಳೆ. ನನ್ನ ಚಿಂತೆ ಅದು.

ಶನಿವಾರಸಂತೆಯಿಂದ: ಫಾರ್ವರ್ಡ್ ಆಗಿ ಬಂದದ್ದು: "ನೋಟರಿ ಅಫಿಡವಿಟ್ ಮಾಡಿಸಿ ಆಧಾರ್‌ನಲ್ಲಿ ತಾರೀಖು ಬದಲಿಸಿದರೆ ಎಲ್ಲ ಕಡೆ ನಡೆಯುತ್ತದೆ."

ವಕೀಲರು: ದಯವಿಟ್ಟು ಇದನ್ನು ಅಳಿಸಿ. ಅಫಿಡವಿಟ್‌ನಿಂದ ಯಾರ ವಯಸ್ಸೂ ಏರುವುದಿಲ್ಲ, ಸುಳ್ಳು ಪ್ರಮಾಣ ಮಾಡಿದ ಕೇಸು ಮಾತ್ರ ಏರುತ್ತದೆ. ಈ ವಾರ ಮೂರನೇ ಸಲ ನೋಡುತ್ತಿದ್ದೇನೆ.

ಶನಿವಾರಸಂತೆಯಿಂದ: ಬಂದದ್ದನ್ನು ಹಾಕಿದೆ ಅಷ್ಟೇ, ಗದರಬೇಡಿ.

ಪೊನ್ನಂಪೇಟೆಯಿಂದ: ಹೆಣ್ಣಿಗೂ 21 ಆಯ್ತಲ್ಲ ಈಗ?

ವಕೀಲರು: ಇಲ್ಲ. ಆ ಮಸೂದೆ 2021ರಲ್ಲಿ ಬಂದು ಪಾಸಾಗದೆ ಬಿದ್ದುಹೋಯಿತು. ಹೆಣ್ಣಿಗೆ 18ಏ.

ವಿರಾಜಪೇಟೆಯ ವಿದ್ಯಾರ್ಥಿ: ವೋಟು ಹಾಕುವ ದಿನ 18 ಆಗಿದ್ರೆ ಸಾಕಲ್ಲ?

ವಕೀಲರು: ಸಾಲದು. ಪಟ್ಟಿಯಲ್ಲಿ ಹೆಸರಿರಬೇಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಖುಗಳಲ್ಲಿ ಪಟ್ಟಿಗೆ ಅನ್ವಯಿಸುವ ದಿನಕ್ಕೆ 18 ತುಂಬಿರಬೇಕು. 17 ಆದ ಮೇಲೆ ಮುಂಗಡವಾಗಿ ಫಾರ್ಮ್ 6 ಕೊಡಬಹುದು.

ಮಡಿಕೇರಿಯಿಂದ: ಫೆಬ್ರವರಿ 29, 2008ಕ್ಕೆ ಹುಟ್ಟಿದವರಿಗೆ 18 ಯಾವತ್ತು? 28ಕ್ಕಾ, ಮಾರ್ಚ್ 1ಕ್ಕಾ?

ನಾಪೋಕ್ಲಿನ ಟೀಚರ್: 28ಕ್ಕೆ.

ಸಿದ್ದಾಪುರದ ತೋಟದವರು: ಮಾರ್ಚ್ 1. ಟೀಚರಿಗೆ ಎಲ್ಲ ಗೊತ್ತು ಅಂತಲ್ಲ.

ಗೋಣಿಕೊಪ್ಪದ ಸದಸ್ಯೆ: ಸಾರ್, ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ಆಗಸ್ಟ್ 12 ಅಂದ್ರೆ ಕಕ್ಕಡ ತಿಂಗಳು, ಶುಭಕಾರ್ಯ ಮಾಡಲ್ಲ, ಮನೆಯಲ್ಲಿ ಒಪ್ಪಲ್ಲ.

ವಕೀಲರು: ಕಕ್ಕಡ ಮುಗಿದ ಮೇಲೆ ಇಟ್ಟುಕೊಳ್ಳಿ. ಆಗ ಶಾಲೆಯ ತಾರೀಖಿನಲ್ಲೂ ಹುಡುಗಿಗೆ 18 ದಾಟಿರುತ್ತದೆ, ಕಾಗದ ತಿದ್ದುವ ಗೋಜೇ ಇಲ್ಲ. ಛತ್ರದವರಿಗೆ ಇಬ್ಬರ ವಯಸ್ಸಿನ ಪತ್ರ ತೋರಿಸಿ ದಿನ ಮುಂದಕ್ಕೆ ಹಾಕಲು ಕೇಳಿ. ಒಪ್ಪದಿದ್ದರೆ ನನಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ.